ಮಾತಿನ ಬಾಲ: ಮೆಸೇಜಿನಲ್ಲಿ ನೀನು, ನೀವು, ಮತ್ತು ಎರಡೂ ಅಲ್ಲದ್ದು

(ಹಾಸನದಲ್ಲಿ ಓದುಗ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ನಿಮ್ಮ ಮೊಬೈಲ್ ಒಮ್ಮೆ ತೆಗೆಯಿರಿ. ಬಹಳ ವರ್ಷ ಮಾತಿಲ್ಲದೆ, ಈಚೆಗೆ ಮತ್ತೆ ಸಿಕ್ಕಿದ ಯಾರಾದರೂ ಒಬ್ಬರ ಜೊತೆ ಆಡಿದ ಮೆಸೇಜುಗಳನ್ನು ಮೊದಲಿನಿಂದ ಓದಿ. ಶುರುವಿನ ಹತ್ತು ಹದಿನೈದು ಮೆಸೇಜಿನಲ್ಲಿ ‘ನೀನು’ ಎಲ್ಲಿದೆ, ‘ನೀವು’ ಎಲ್ಲಿದೆ ಹುಡುಕಿ. ಬಹುಶಃ ಎರಡೂ ಸಿಗುವುದಿಲ್ಲ. ಆದರೆ ಮಾತೇನೂ ನಿಂತಿಲ್ಲ. ಊಟ ಆಯ್ತಾ ಅಂತ ಕೇಳಿದ್ದೀರಿ, ಮಕ್ಕಳ ಸುದ್ದಿ ಕೇಳಿದ್ದೀರಿ, ಮಳೆ ಸುದ್ದಿ ಹೇಳಿದ್ದೀರಿ. ಎದುರಿನವರನ್ನು ಏನೆಂದು ಕರೆಯಬೇಕು ಅನ್ನುವುದನ್ನು ಮಾತ್ರ ಇಬ್ಬರೂ ಸೇರಿ ಮುಂದಕ್ಕೆ ಹಾಕಿದ್ದೀರಿ.

ಇದು ಹೇಗೆ ಸಾಧ್ಯವಾಗುತ್ತದೆ? ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅಷ್ಟೇ.

ಮೂವತ್ತು ವರ್ಷ ಪಿಯು ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವಳು ನಾನು. ಏಕವಚನ, ಬಹುವಚನ, ಗೌರವಾರ್ಥಕ ಬಹುವಚನ ಅಂತ ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಒಬ್ಬರೇ ಇದ್ದರೂ ಮರ್ಯಾದೆಗೆ ನೀವು ಅನ್ನುತ್ತೇವೆ, ಸರಿ, ಮುಂದಿನ ಪಾಠ. ಇದರಲ್ಲಿ ಇಷ್ಟೆಲ್ಲ ಕಷ್ಟ ಇದೆ ಅಂತ ಗೊತ್ತಾಗಿದ್ದು ರಿಟೈರ್ ಆದ ಮೇಲೆ, ವಾಟ್ಸಾಪ್ ಗ್ರೂಪಿಗೆ ಸೇರಿದಾಗ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕನ್ನಡದಲ್ಲಿ ಮರ್ಯಾದೆ ಇರುವುದು ‘ನೀವು’ ಅನ್ನುವ ಪದದಲ್ಲಿ ಅಂತ ನಾವು ತಿಳಿದಿದ್ದೇವೆ. ಆದರೆ ಆ ಪದವನ್ನು ನಾವು ಬಳಸುವುದೇ ಕಡಿಮೆ. ‘ಯಾವಾಗ ಬರ್ತೀಯಾ?’ ಅಂತ ಕೇಳುತ್ತೇವೆ, ‘ಯಾವಾಗ ಬರ್ತೀರಾ?’ ಅಂತ ಕೇಳುತ್ತೇವೆ. ಎರಡರಲ್ಲೂ ನೀನು, ನೀವು ಇಲ್ಲ. ಕ್ರಿಯಾಪದದ ಕೊನೆಯಲ್ಲಿ ಯಾ ಬಂತಾ ರಾ ಬಂತಾ, ಅಷ್ಟರಲ್ಲಿ ಎಲ್ಲಾ ಗೊತ್ತಾಗುತ್ತದೆ. ಇದನ್ನು ನಾನು ಮಾತಿನ ಬಾಲ ಅನ್ನುತ್ತೇನೆ. ಪ್ರತ್ಯಯ ಅಂದರೆ ನೀವೆಲ್ಲ ಕ್ಲಾಸಿನಲ್ಲಿ ಕೂತ ಹಾಗೆ ಆಕಳಿಸುತ್ತೀರಿ. ಬಾ ಅಂದರೆ ಒಂದು, ಬನ್ನಿ ಅಂದರೆ ಇನ್ನೊಂದು. ನೋಡು, ನೋಡಿ. ಬಂದ್ಯಾ, ಬಂದ್ರಾ. ತಲೆಯನ್ನು ಮುಚ್ಚಿಟ್ಟರೂ ಬಾಲ ಹೊರಗೆ ಕಾಣುತ್ತದೆ.

ಹಾಗಾದರೆ ಬಾಲ ಕಾಣದ ಹಾಗೆ ಮಾತಾಡುವುದು ಹೇಗೆ? ಇಲ್ಲಿ ನಮ್ಮ ಭಾಷೆ ಒಂದು ಉಪಕಾರ ಮಾಡಿದೆ. ಎಲ್ಲ ವಾಕ್ಯಕ್ಕೂ ಈ ಬಾಲ ಇಲ್ಲ.

‘ಊಟ ಆಯ್ತಾ?’ ತಗೊಳ್ಳಿ. ಇಲ್ಲಿ ಆಗಿದ್ದು ಊಟ. ಊಟ ಮಾಡಿದವರು ಯಾರು, ಅವರಿಗೆ ಎಷ್ಟು ಮರ್ಯಾದೆ ಕೊಡಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅದನ್ನೇ ‘ಊಟ ಮಾಡಿದ್ಯಾ’ ಅಂದರೆ ಸಿಕ್ಕಿಬಿದ್ದಿರಿ. ‘ಗೊತ್ತಾ?’, ‘ಸಿಕ್ತಾ?’, ‘ಬೇಕಾ?’, ‘ಜ್ವರ ಕಡಿಮೆ ಆಯ್ತಾ?’ ಇವೆಲ್ಲ ಹಾಗೇ. ‘ಇರೋದು ಎಲ್ಲಿ?’, ‘ಹೊರಡೋದು ಎಷ್ಟು ಹೊತ್ತಿಗೆ?’ ಅಂತ ಕ್ರಿಯಾಪದಕ್ಕೆ ‘-ಓದು’ ಸೇರಿಸಿ ಕೇಳಿದರೂ ಬಚಾವು. ‘ಬರಬೇಕು’, ‘ಬರಬಹುದು’ ಅಂದರೂ ಬಾಲ ಇಲ್ಲ. ‘ಹೋಗೋಣ್ವಾ?’ ಅಂದರೆ ನಾನೂ ಒಳಗೆ ಸೇರಿಕೊಂಡೆ, ಎದುರಿನವರ ಲೆಕ್ಕ ಕೇಳುವ ಹಾಗಿಲ್ಲ.

ಇನ್ನೊಂದು ನೋಡಿ, ಇದು ನನಗೆ ಬಹಳ ಇಷ್ಟ. ‘ಇಲ್ಲ’ ಬಂದ ಕಡೆ ಎಲ್ಲರೂ ಸಮ. ನಾನು ಬರಲಿಲ್ಲ, ನೀನು ಬರಲಿಲ್ಲ, ನೀವು ಬರಲಿಲ್ಲ, ಅವನು ಬರಲಿಲ್ಲ, ಅವರು ಬರಲಿಲ್ಲ. ಬಂದರೆ ಮಾತ್ರ ದೊಡ್ಡವರು ಚಿಕ್ಕವರು ಅಂತ ಭೇದ. ಬರದಿದ್ದರೆ ಯಾವ ಭೇದವೂ ಇಲ್ಲ. ವ್ಯಾಕರಣ ಹೇಳುವಾಗ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ನಗುತ್ತಿದ್ದರು.

ಬಾಯಿಮಾತಿನಲ್ಲಿ ಈ ಬಾಲವಿಲ್ಲದ ವಾಕ್ಯಗಳಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಎದುರಿಗೆ ಮನುಷ್ಯ ಇರುತ್ತಾರೆ. ಬಾಗಿಲಲ್ಲಿ ನಿಂತವರನ್ನು ಬಾ ಅನ್ನಬೇಕು ಇಲ್ಲ ಬನ್ನಿ ಅನ್ನಬೇಕು. ಮೆಸೇಜಿನಲ್ಲಿ ಹಾಗಲ್ಲ. ಬರೆದು, ಅಳಿಸಿ, ಯೋಚನೆ ಮಾಡಿ, ಬೇರೆ ಥರ ತಿರುಗಿಸಿ ಬರೆಯಲು ಪುರುಸೊತ್ತು ಇದೆ. ಹಾಗಾಗಿ ಎಷ್ಟು ದಿನ ಬೇಕಾದರೂ ಜಗಲಿಯ ಮೇಲೇ ಕೂತು ಮಾತಾಡಬಹುದು.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಹೊಳೆನರಸೀಪುರದ ಕಡೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಓದಿದವಳು ನಾನು. ನನ್ನ ಪಕ್ಕದಲ್ಲಿ ಮೂರು ವರ್ಷ ಒಬ್ಬ ಹುಡುಗಿ ಕೂರುತ್ತಿದ್ದಳು. ಆಗ ನಮ್ಮಿಬ್ಬರ ನಡುವೆ ಇದ್ದದ್ದು ‘ಬಾರೇ, ಹೋಗೇ’ ಮಾತ್ರ. ಎಸ್ಸೆಸ್ಸೆಲ್ಸಿ ಮುಗಿಯಿತು, ಅವಳಿಗೆ ಬೇಗ ಮದುವೆ ಆಯಿತು, ಚಿಕ್ಕಮಗಳೂರಿನ ಕಡೆ ಹೋದಳು. ಆಮೇಲೆ ಸುದ್ದಿಯೇ ಇಲ್ಲ. ಯಾರೋ ಪುಣ್ಯಾತ್ಮರು ನಮ್ಮ ಬ್ಯಾಚಿನ ಗ್ರೂಪ್ ಮಾಡಿದಾಗ ಅವಳ ನಂಬರ್ ಸಿಕ್ಕಿತು.

ಸಿಕ್ಕ ದಿನ ರಾತ್ರಿ ಮೆಸೇಜ್ ಮಾಡಲು ಕೂತೆ. ‘ಹೇಗಿದ್ದೀಯೇ?’ ಅಂತ ಬರೆದೆ. ಅಳಿಸಿದೆ. ನಲವತ್ತು ವರ್ಷ ಆಗಿದೆ, ಅವಳಿಗೆ ಮೊಮ್ಮಕ್ಕಳೇ ಇರಬಹುದು, ಏನು ಸಲಿಗೆ ಇವಳದು ಅಂದುಕೊಂಡರೆ? ‘ಹೇಗಿದ್ದೀರಿ?’ ಅಂತ ಬರೆದೆ. ಅದನ್ನೂ ಅಳಿಸಿದೆ. ನೋಟ್‌ಬುಕ್ಕು ಹಂಚಿಕೊಂಡು ಬರೆದವಳಿಗೆ ಹೇಗಿದ್ದೀರಿ ಅನ್ನುವುದೇ? ಕೊನೆಗೆ ಕಳಿಸಿದ್ದು ಇದು: ‘ನಮಸ್ಕಾರ. ಗುರುತು ಸಿಕ್ತಾ?’

ಅವಳ ಉತ್ತರ: ‘ಸಿಗದೆ ಇರುತ್ತಾ! ಈಗ ಇರೋದು ಎಲ್ಲಿ?’

‘ಹಾಸನದಲ್ಲೇ. ಮನೆಯಲ್ಲಿ ಎಲ್ಲಾ ಆರಾಮಾ?’

‘ಎಲ್ಲಾ ಆರಾಮು. ಮಕ್ಕಳು ಎಷ್ಟು ಜನ?’

ಹೀಗೆ ನಡೆಯಿತು ನೋಡಿ. ನಾನು ಜಾಣೆ ಅಂದುಕೊಂಡಿದ್ದೆ, ಅವಳು ನನಗಿಂತ ಜಾಣೆ. ‘ಈಗ ಎಲ್ಲಿದ್ದೀಯಾ’ ಅಂತ ಕೇಳಬಹುದಿತ್ತು, ‘ಇರೋದು ಎಲ್ಲಿ’ ಅಂದಳು. ಹನ್ನೊಂದು ದಿನ ಮೆಸೇಜ್ ಓಡಾಡಿದವು. ಕಾಯಿಲೆ, ಕಾಫಿ ರೇಟು, ಸೊಸೆಯಂದಿರು, ಮೊಣಕಾಲು ನೋವು, ಎಲ್ಲಾ ಬಂತು. ನೀನು ಬರಲಿಲ್ಲ, ನೀವು ಬರಲಿಲ್ಲ. ಇಬ್ಬರಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಇಬ್ಬರೂ ಹೇಳಲಿಲ್ಲ.

ಸಮವಯಸ್ಕರಲ್ಲಿ ಇರುವ ಕಷ್ಟವೇ ಇದು. ದೊಡ್ಡವರು ಚಿಕ್ಕವರು ಆಗಿದ್ದರೆ ದಾರಿ ಮೊದಲೇ ಇದೆ. ದೊಡ್ಡವರು ನೀನು ಅನ್ನುತ್ತಾರೆ, ಚಿಕ್ಕವರು ನೀವು ಅನ್ನುತ್ತಾರೆ, ಯಾರಿಗೂ ಬೇಜಾರಿಲ್ಲ. ಸಮಾನರಲ್ಲಿ ಇಬ್ಬರೂ ಒಂದೇ ಬಾಲ ಬಳಸಬೇಕು. ನಾನು ಬಾ ಅಂದು ಅವಳು ಬನ್ನಿ ಅಂದರೆ, ನಾನು ಒಂದು ಮೆಟ್ಟಿಲು ಮೇಲೆ ನಿಂತ ಹಾಗೆ. ನಾನು ಬನ್ನಿ ಅಂದು ಅವಳು ಬಾ ಅಂದರೆ ನಾನು ಪೆದ್ದಿಯಾದ ಹಾಗೆ. ಅದಕ್ಕೇ ಇಬ್ಬರೂ ಇನ್ನೊಬ್ಬರು ಮೊದಲು ಹೇಳಲಿ ಅಂತ ಕಾಯುತ್ತಾರೆ.

ಅಷ್ಟರಲ್ಲಿ ದೀಪಾವಳಿ ಹತ್ತಿರ ಬಂತು. ನಿಮಗೆ ಗೊತ್ತೇ ಇದೆ, ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ಹಾಸನಾಂಬೆ ಬಾಗಿಲು ತೆಗೆಯುತ್ತಾರೆ. ಇಡೀ ವರ್ಷ ಸುದ್ದಿ ಇಲ್ಲದ ನೆಂಟರೆಲ್ಲ ಆಗ ಮೆಸೇಜ್ ಮಾಡುತ್ತಾರೆ, ‘ಕ್ಯೂ ಎಷ್ಟಿದೆ?’ ಅಂತ. ಅದಕ್ಕೂ ಬಾಲ ಇಲ್ಲ, ಗಮನಿಸಿದ್ದೀರಾ? ಹೇಗಿದ್ದೀರಿ ಅಂತ ಕೇಳಿದರೆ ತಾನೇ ಬಾಲ ಬೇಕಾಗುವುದು.

ಇಲ್ಲೊಂದು ಅಡ್ಡಮಾತು. ಆ ಕ್ಯೂನಲ್ಲಿ ನಿಂತವರು ಒಳಗೆ ಹೋಗಿ ಕೈ ಮುಗಿದು ಏನನ್ನುತ್ತಾರೆ? ‘ತಾಯೇ, ಕಾಪಾಡು’ ಅನ್ನುತ್ತಾರೆ. ಕಾಪಾಡಿ ಅಂದವರನ್ನು ನಾನು ಕಂಡಿಲ್ಲ. ಡೀಸಿ ಸಾಹೇಬರಿಗೆ ನೀವು, ದೇವಿಗೆ ನೀನು. ಏಕವಚನ ಅಂದರೆ ಕಡಿಮೆ ಮರ್ಯಾದೆ ಅನ್ನುವ ಲೆಕ್ಕ ಅಲ್ಲಿಗೇ ತಪ್ಪಿತು.

ಸರಿ, ಅವಳು ಬರೆದಳು: ‘ಈ ಸಲ ಹಾಸನಾಂಬೆ ದರ್ಶನಕ್ಕೆ ಬರೋಣ ಅಂತ ಇದೀವಿ.’ ಈಗ ನಾನು ಮನೆಗೆ ಕರೆಯಬೇಕು. ಕರೆಯುವಾಗ ಬಾಲ ಬೇಕೇ ಬೇಕು. ‘ಮನೆಗೆ ಬರಬೇಕು’ ಅನ್ನಬಹುದಿತ್ತು. ಆದರೆ ಅದು ಲಗ್ನಪತ್ರಿಕೆ ಥರ ಕೇಳುತ್ತದೆ. ನನಗೆ ಒಂದು ಉಪಾಯ ಹೊಳೆಯಿತು. ಅವಳು ‘ಇದೀವಿ’ ಅಂದಿದ್ದಾಳೆ, ಅಂದರೆ ಗಂಡ, ಮಗ, ಸೊಸೆ ಎಲ್ಲರೂ ಬರುತ್ತಾರೆ. ‘ಎಲ್ಲರೂ ಮನೆಗೇ ಊಟಕ್ಕೆ ಬನ್ನಿ’ ಅಂತ ಬರೆದೆ. ಇಲ್ಲಿ ಬನ್ನಿ ಅನ್ನುವುದು ಮರ್ಯಾದೆಯ ಬನ್ನಿಯೋ, ನಾಲ್ಕು ಜನಕ್ಕೆ ಹೇಳಿದ ಬನ್ನಿಯೋ? ಯಾರೂ ಹೇಳುವ ಹಾಗಿಲ್ಲ. ಕನ್ನಡದ ಬಹುವಚನಕ್ಕೆ ಎರಡು ಕೆಲಸ ಇರುವುದರಿಂದ ಒಂದರ ಹಿಂದೆ ಇನ್ನೊಂದನ್ನು ಅಡಗಿಸಬಹುದು.

ಅವಳ ಉತ್ತರ ಬಂತು: ‘ಬರ್ತೀವಿ. ಜಾಸ್ತಿ ಏನೂ ಮಾಡಬೇಡ.’

ಅದನ್ನು ನಾನು ನಾಲ್ಕು ಸಲ ಓದಿದೆ. ‘ಏನೂ ಮಾಡೋದು ಬೇಡ’ ಅಂದಿದ್ದರೆ ಬಾಲ ಇಲ್ಲ. ‘ಮಾಡಬೇಡಿ’ ಅಂದಿದ್ದರೆ ನೀವು. ‘ಮಾಡಬೇಡ’ ಅಂದರೆ ನೀನು. ಒಂದು ಗುಡಿಸು ಇಲ್ಲದೇ ಇರುವುದೇ ಇಲ್ಲಿ ಗುರುತು. ಕೈತಪ್ಪಿ ಬಿಟ್ಟುಹೋಯಿತಾ, ಬೇಕಂತಲೇ ಬಿಟ್ಟಳಾ? ಆಮೇಲೆ ಅನ್ನಿಸಿತು, ಅವಳು ಸಹ ನನ್ನ ಹಾಗೇ ಅರ್ಧ ಬಾಗಿಲು ತೆಗೆದಿದ್ದಾಳೆ. ನಾನು ಬೇಜಾರು ಮಾಡಿಕೊಂಡರೆ ‘ಅಯ್ಯೋ, ಬೆರಳು ತಪ್ಪಿತು’ ಅನ್ನಬಹುದು.

ನಾನು ಬರೆದೆ: ‘ಮಾಡದೆ ಬಿಡ್ತೀನೇನೇ?’

ಈ ವಾಕ್ಯ ಸ್ವಲ್ಪ ಬಿಡಿಸಿ ನೋಡೋಣ. ಬಿಡ್ತೀನಿ ಅನ್ನುವುದು ನನ್ನ ಬಗ್ಗೆ. ಅದರ ಬಾಲ ನಾನು ಅನ್ನುವುದಕ್ಕೆ ಸೇರಿದ್ದು. ಎದುರಿನವಳ ಬಗ್ಗೆ ಆ ವಾಕ್ಯದಲ್ಲಿ ಒಂದು ಮಾತೂ ಇಲ್ಲ. ಆದರೂ ಕೊನೆಯಲ್ಲಿ ಒಂದು ‘ಏ’ ನೇತುಹಾಕಿದೆ. ಆ ಏ ಅವಳಿಗೆ. ಇದು ಕ್ರಿಯಾಪದದ ಸ್ವಂತ ಬಾಲ ಅಲ್ಲ, ನಾವು ಬೇಕಾದಾಗ ಕಟ್ಟುವ ಬಾಲ. ‘ನಾನು ಬಂದೆ ಕಣೇ’ ಅಂದರೆ ಹೆಂಗಸಿಗೆ, ‘ಬಂದೆ ಕಣೋ’ ಅಂದರೆ ಗಂಡಸಿಗೆ, ‘ಬಂದೆ ಕಣ್ರೀ’ ಅಂದರೆ ಮರ್ಯಾದೆಯವರಿಗೆ, ‘ಬಂದೆ ಕಣಪ್ಪ’, ‘ಬಂದೆ ಕಣಮ್ಮ’ ಅಂದರೆ ಕಿರಿಯರಿಗೆ, ಇಲ್ಲ ಪ್ರೀತಿಗೆ. ಬಂದವಳು ನಾನೊಬ್ಬಳೇ. ಕೇಳಿಸಿಕೊಳ್ಳುವವರು ಯಾರು ಅನ್ನುವುದರ ಮೇಲೆ ಐದು ಥರ ಬಂದೆ. ಈ ಕಟ್ಟುವ ಬಾಲ ಇಲ್ಲದೆಯೂ ವಾಕ್ಯ ಪೂರ್ತಿ ಇರುತ್ತದೆ. ಹಾಗಾಗಿ ಯಾರಾದರೂ ಅದನ್ನು ಕಟ್ಟಿದರೆ ಬೇಕು ಅಂತಲೇ ಕಟ್ಟಿದ್ದಾರೆ, ಕೈತಪ್ಪಿ ಬಂದದ್ದಲ್ಲ.

ಅವಳು ಬಂದ ಕಥೆ ಆಮೇಲೆ ಹೇಳುತ್ತೇನೆ. ಈಗ ದೊಡ್ಡವರ ವಿಷಯಕ್ಕೆ ಬರೋಣ. ಸಮಾನರಲ್ಲಿ ಚೆಂದ ನಡೆಯುವ ಈ ಬಾಲವಿಲ್ಲದ ಭಾಷೆ, ದೊಡ್ಡವರ ಹತ್ತಿರ ಕೈಕೊಡುತ್ತದೆ.

ನಮ್ಮ ಮಾವನವರಿಗೆ ಒಬ್ಬ ಸಂಬಂಧಿಕ ಹುಡುಗ ಮೆಸೇಜ್ ಮಾಡಿದ್ದ: ‘ದುಡ್ಡು ಬಂತು. ರಸೀದಿ ಬೇಕಿತ್ತು.’ ತಪ್ಪೇನಿದೆ? ಬೈದಿಲ್ಲ, ಏಕವಚನ ಇಲ್ಲ. ಮಾವ ಮಾತ್ರ ಕನ್ನಡಕ ತೆಗೆದು ನನಗೆ ತೋರಿಸಿದರು. ‘ನೋಡಮ್ಮಾ, ಬ್ಯಾಂಕಿನಿಂದ ಬಂದ ಹಾಗಿದೆ’ ಅಂದರು. ಆ ಹುಡುಗ ಮಾವನವರನ್ನು ಎದುರಿಗೆ ನೀವು ಅಂತಲೇ ಮಾತಾಡಿಸುವವನು. ಮೆಸೇಜಿನಲ್ಲಿ ಸುಮ್ನೆ ಚಿಕ್ಕದು ಮಾಡಿದ್ದ. ಆದರೆ ಮರ್ಯಾದೆ ಬರಬೇಕಾದ ಜಾಗ ಖಾಲಿ ಇದ್ದರೆ ದೊಡ್ಡವರಿಗೆ ಆ ಖಾಲಿಯೇ ಕಾಣುತ್ತದೆ. ‘ಮಾವ, ದುಡ್ಡು ಬಂತು. ರಸೀದಿ ಬೇಕಿತ್ತು’ ಅಂದಿದ್ದರೆ ಸಾಕಾಗಿತ್ತು. ಎರಡಕ್ಷರ.

ನಮ್ಮ ಕಡೆ ಹಿರಿಯರ ಜೊತೆ ಮರ್ಯಾದೆಯ ಭಾರ ಹೊರುವುದು ಹೆಚ್ಚಾಗಿ ಈ ಕರೆಯುವ ಪದವೇ. ಅಮ್ಮ, ಅಜ್ಜಿ, ಅಣ್ಣ, ಅಕ್ಕ, ಮಾವ, ಮೇಷ್ಟ್ರೇ, ಗೌಡ್ರೇ. ಅದಿದ್ದರೆ ಬಾಲ ಏಕವಚನ ಆದರೂ ನಡೆಯುತ್ತದೆ. ಹಾಸನದ ಹಳ್ಳಿಗಳಲ್ಲಿ ಎಷ್ಟೋ ಮನೆಯಲ್ಲಿ ‘ಅಣ್ಣ, ನೀನು ಊಟಕ್ಕೆ ಬಾ’ ಅನ್ನುತ್ತಾರೆ. ಅಣ್ಣ ಅಂದಾಗಲೇ ಕೊಡಬೇಕಾದದ್ದು ಕೊಟ್ಟಾಯಿತು. ಅಪ್ಪನನ್ನು ಕೆಲವು ಮನೆಯಲ್ಲಿ ನೀನು, ಕೆಲವು ಮನೆಯಲ್ಲಿ ನೀವು ಅನ್ನುತ್ತಾರೆ. ಅಮ್ಮನಿಗೆ ಮಾತ್ರ ಹೆಚ್ಚಿನ ಕಡೆ ನೀನೇ.

ಅದಕ್ಕೇ ನಮ್ಮಮ್ಮನಿಗೆ ಒಂದು ಸಲ ಗಾಬರಿ ಆಯಿತು. ಅವರು ಏಳನೇ ಕ್ಲಾಸಿನವರೆಗೆ ಓದಿದವರು, ಕನ್ನಡ ಚೆನ್ನಾಗಿ ಓದುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗ ಯಾವಾಗಲೂ ಫೋನ್ ಮಾಡುತ್ತಿದ್ದ. ಒಂದು ದಿನ ಆಫೀಸಿನಲ್ಲಿ ಮಾತಾಡಲು ಆಗದೆ ಮೆಸೇಜ್ ಮಾಡಿದ: ‘ಅಜ್ಜಿ, ಹೇಗಿದ್ದೀರಿ? ಮಾತ್ರೆ ತೆಗೆದುಕೊಂಡಿರಾ?’ ಅಮ್ಮ ನನಗೆ ಫೋನ್ ಮಾಡಿದರು. ‘ಹುಡುಗ ನನ್ ಮೇಲೆ ಯಾಕೆ ಮುನಿಸ್ಕೊಂಡಿದಾನೆ?’ ಫೋನಿನಲ್ಲಿ ‘ಅಜ್ಜಿ, ಮಾತ್ರೆ ತಗೊಂಡ್ಯಾ?’ ಅನ್ನುವ ಮೊಮ್ಮಗ ಇದ್ದಕ್ಕಿದ್ದಂತೆ ಹೀಗೆ ಬರೆದರೆ ಏನಂದುಕೊಳ್ಳಬೇಕು?

ಮಗನನ್ನು ಕೇಳಿದೆ. ‘ಬರೆಯುವಾಗ ಹಾಗೇ ಬಂತಮ್ಮ’ ಅಂದ. ಅವನದೂ ತಪ್ಪಲ್ಲ. ನಾವು ಮಕ್ಕಳಿಗೆ ಪತ್ರ ಬರೆಯುವುದು ಹೇಗೆ ಕಲಿಸಿದ್ದು? ತೀರ್ಥರೂಪು ತಂದೆಯವರಿಗೆ, ಮಾತೃಶ್ರೀಯವರಿಗೆ ಅಂತ ಶುರು, ಶಿರಸಾಷ್ಟಾಂಗ ನಮಸ್ಕಾರ, ಆಮೇಲೆ ಪೂರ್ತಿ ನೀವು. ಮನೆಯಲ್ಲಿ ಅಮ್ಮನನ್ನು ನೀನು ಅನ್ನುವವರೂ ಇನ್‌ಲ್ಯಾಂಡ್ ಲೆಟರಿನಲ್ಲಿ ನೀವು ಅಂತ ಬರೆಯುತ್ತಿದ್ದೆವು. ಆಗ ಯಾವ ಅಮ್ಮನೂ ಮುನಿಸು ಅಂದುಕೊಳ್ಳಲಿಲ್ಲ. ಕಾಗದ ಅಂದರೆ ಹಾಗೇ ಅಂತ ಅವರಿಗೂ ಗೊತ್ತಿತ್ತು. ಮೆಸೇಜು ಕಾಗದ ಅಲ್ಲ. ಬರೆದಿದ್ದಾದರೂ ಅದನ್ನು ಓದುವವರು ಕಿವಿಯಲ್ಲಿ ಓದುತ್ತಾರೆ. ಅಮ್ಮ ಆ ಅಕ್ಷರಗಳನ್ನು ಮೊಮ್ಮಗನ ದನಿಯಲ್ಲಿ ಓದಲು ನೋಡಿದರು, ಆ ದನಿಗೆ ಆ ಮಾತು ಹೊಂದಲಿಲ್ಲ. ಹೇಗಿದ್ದೀರಿ ಒಂದೇ ಅಲ್ಲ, ‘ತೆಗೆದುಕೊಂಡಿರಾ’ ಅನ್ನುವ ಪುಸ್ತಕದ ರೂಪವೂ ದೂರ ಮಾಡಿತ್ತು.

ಈ ಪುಸ್ತಕದ ರೂಪದ ವಿಷಯ ಸ್ವಲ್ಪ ಹೇಳಬೇಕು. ಮೆಸೇಜಿನಲ್ಲಿ ದೂರ ಸರಿಯುವುದನ್ನು ಅದರಿಂದಲೇ ಮೊದಲು ಪತ್ತೆ ಹಚ್ಚಬಹುದು. ನನ್ನ ತಮ್ಮನಿಗೆ ಒಬ್ಬ ಗೆಳೆಯ ಇದ್ದ. ಚಿಕ್ಕಂದಿನಿಂದ ‘ಏನ್ಲಾ, ಬಾರ್ಲಾ’. ನಮ್ಮ ಬಯಲುಸೀಮೆ ಕಡೆಯ ಈ ‘ಲಾ’ ಹೊರಗಿನವರಿಗೆ ಒರಟು ಅನ್ನಿಸುತ್ತದೆ, ಆದರೆ ಅದು ಜೊತೆಯಲ್ಲಿ ಬೆಳೆದವರಿಗೆ ಮಾತ್ರ ಸಿಗುವ ಬಾಲ. ಇಬ್ಬರ ನಡುವೆ ಸಾಲದ ವಿಷಯಕ್ಕೆ ಏನೋ ಮಾತು ಬಂತು. ಜಗಳ ಆಡಲಿಲ್ಲ, ಬೈದಾಡಲಿಲ್ಲ. ಒಂದು ದಿನ ಮೆಸೇಜ್ ಬಂತು: ‘ಹಣ ಕಳಿಸಿದ್ದೇನೆ. ನೋಡಿ.’

ಅಷ್ಟೇ. ‘ದುಡ್ಡು ಕಳ್ಸಿದೀನಿ, ನೋಡ್ಲಾ’ ಆಗಬೇಕಿತ್ತು. ದುಡ್ಡು ಹೋಗಿ ಹಣ ಆಯಿತು. ಕಳ್ಸಿದೀನಿ ಹೋಗಿ ಕಳಿಸಿದ್ದೇನೆ ಆಯಿತು. ಲಾ ಹೋಗಿ ನೋಡಿ ಬಂತು. ಮರ್ಯಾದೆ ಜಾಸ್ತಿ ಆಯಿತು, ಸ್ನೇಹ ಮುಗಿಯಿತು. ‘ಅವನು ನಾಲ್ಕು ಬೈದಿದ್ರೆ ಚೆನ್ನಾಗಿತ್ತು ಅಕ್ಕಾ’ ಅಂತ ತಮ್ಮ ಅಂದ. ಎರಡೂ ಇಲ್ಲದ ಕಡೆಯಿಂದ ನೀನುಗೆ ಬರಲು ನನಗೆ, ನನ್ನ ಗೆಳತಿಗೆ ಹನ್ನೊಂದು ದಿನ ಬೇಕಾಯಿತು. ನೀನುನಿಂದ ನೀವುಗೆ ಹೋಗಲು ಒಂದು ಮೆಸೇಜ್ ಸಾಕು. ಹಾಗೆ ಹೋದದ್ದು ಮರ್ಯಾದೆ ಅಂತ ಯಾರೂ ತಿಳಿಯುವುದಿಲ್ಲ.

ಹಾಗಂತ ನೀವು ಅಂದರೆ ಯಾವಾಗಲೂ ದೂರ ಅಂತಲ್ಲ. ಸಕಲೇಶಪುರ ದಾಟಿ ಮೇಲೆ ಹೋಗಿ, ಇಲ್ಲ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಹೋಗಿ. ಅಲ್ಲಿ ಮಾರಾಯ ಇದ್ದಾನೆ, ಮಾರಾಯ್ತಿ ಇದ್ದಾಳೆ, ಮಾರಾಯ್ರೂ ಇದ್ದಾರೆ. ‘ಬಾ ಮಾರಾಯ’ ಅಂದರೆ ಸಲಿಗೆ. ‘ಬನ್ನಿ ಮಾರಾಯ್ರೆ’ ಅಂದರೆ ಬಾಲದಲ್ಲಿ ಮರ್ಯಾದೆ, ಕರೆಯುವುದರಲ್ಲಿ ಸಲಿಗೆ. ಒಂದೇ ಮಾತಿನಲ್ಲಿ ಎರಡೂ. ಇಪ್ಪತ್ತು ವರ್ಷ ಪಕ್ಕದ ತೋಟದಲ್ಲಿದ್ದವರು, ಒಬ್ಬರ ಮನೆಯಲ್ಲಿ ಒಬ್ಬರು ಉಂಡವರು, ಈಗಲೂ ‘ಎಂಥ ಮಾರಾಯ್ರೆ, ಈ ಕಡೆ ಬರಲೇ ಇಲ್ಲ’ ಅಂತ ಬರೆದುಕೊಳ್ಳುತ್ತಾರೆ. ಅವರು ನೀನುಗೆ ಇಳಿಯಬೇಕಾಗಿಲ್ಲ, ನೀವುನಲ್ಲೇ ಬೆಚ್ಚಗೆ ಇದ್ದಾರೆ. ಬಯಲುಸೀಮೆಯವರಾದ ನಮಗೆ ಇಷ್ಟು ಒಳ್ಳೆಯ ಪದ ಇಲ್ಲ ಅನ್ನುವುದು ನನ್ನ ಹೊಟ್ಟೆಕಿಚ್ಚು. ನಾವು ಸಾರ್, ಗುರು, ಬಾಸ್ ಅಂತ ಏನೇನೋ ಹಚ್ಚಿಕೊಂಡು ಓಡಿಸುತ್ತೇವೆ.

ನಿಮ್ಮಲ್ಲಿ ಒಬ್ಬರು ‘ತಾವು’ ಅನ್ನುವ ಪದದ ಬಗ್ಗೆ ಕೇಳಿದರು. ಅದು ಮೆಸೇಜಿನಲ್ಲಿ ಬೀಗರ ಹತ್ತಿರ, ಸ್ವಾಮಿಗಳ ಹತ್ತಿರ, ಅರ್ಜಿಯಲ್ಲಿ ಬದುಕಿದೆ. ಗೆಳೆಯರಿಗೆ ಬರೆದರೆ ಹಂಗಿಸಿದ ಹಾಗೆ. ಅದರ ಬಗ್ಗೆ ಇಷ್ಟು ಸಾಕು.

ಕೈತಪ್ಪಿನ ವಿಷಯ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಹುಡುಗರಿಗೆಲ್ಲ ಇದು ಆಗಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವಾಗ `nimma` ಮತ್ತು `ninna` ನಡುವೆ ಇರುವುದು ಎಷ್ಟು ಅಂತರ? ಕೀಬೋರ್ಡಿನ ಕೆಳಗಿನ ಸಾಲು ನೋಡಿ. `n` ಪಕ್ಕದಲ್ಲೇ `m`. ಬೆರಳು ಒಂದು ಕೂದಲೆಳೆ ಎಡಕ್ಕೆ ಹೋದರೆ ನಿಮ್ಮ ಹೋಗಿ ನಿನ್ನ ಆಗುತ್ತದೆ. ನಮ್ಮ ಇಡೀ ಮರ್ಯಾದೆಯನ್ನು ತಂದು ಅಕ್ಕಪಕ್ಕದ ಎರಡು ಗುಂಡಿಯ ಮೇಲೆ ಇಟ್ಟಿದ್ದೇವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದಿದ್ದ: `madam, ninna notes iddare kalisi`. ಒಂದು ನಿಮಿಷದಲ್ಲಿ ಅದು ಮಾಯ, ‘ಅಳಿಸಲಾಗಿದೆ’ ಅಂತ ಬಂತು. ಆಮೇಲೆ ಮೂರು ಸಲ ಕ್ಷಮೆ. ನಾನು ಮೊದಲೇ ಓದಿಬಿಟ್ಟಿದ್ದೆ, ಬೇಜಾರೂ ಆಗಿರಲಿಲ್ಲ. ಯಾಕೆ? ಕೊನೆಯಲ್ಲಿ ‘ಕಳಿಸಿ’ ಇತ್ತು. ನಿನ್ನ ಅನ್ನುವವನು ಕಳಿಸು ಅನ್ನಬೇಕು. ತಲೆ ಏಕವಚನ, ಬಾಲ ಬಹುವಚನ ಇದ್ದರೆ ಅದು ಬೆರಳಿನ ತಪ್ಪು, ಮನಸ್ಸಿನದ್ದಲ್ಲ. ಎರಡೂ ಏಕವಚನ ಆಗಿದ್ದರೆ ಯೋಚಿಸಬೇಕಿತ್ತು. ಹೀಗಾದಾಗ ಅಳಿಸಿ ಗಾಬರಿ ಮಾಡುವುದಕ್ಕಿಂತ ಕೆಳಗೆ ‘ನಿಮ್ಮ’ ಅಂತ ಒಂದು ಪದ ಬರೆದರೆ ಮುಗಿಯಿತು. ಅಳಿಸಿದ ಮೆಸೇಜಿನಲ್ಲಿ ಏನಿತ್ತೋ ಅಂತ ದೊಡ್ಡವರು ಊಹೆ ಮಾಡುವುದು ಇನ್ನೂ ಅಪಾಯ.

ಮುಂದೆ ಕೂತವರು ಕೇಳುತ್ತಿದ್ದಾರೆ, ಯಾವುದೂ ಬೇಡ ಅಂತ ಯಾವಾಗಲೂ ಬಾಲವಿಲ್ಲದೆ ಬರೆದರೆ ಆಗಲ್ವಾ ಅಂತ. ಆಗುತ್ತದೆ, ಆದರೆ ಬೆಲೆ ಕೊಡಬೇಕು. ‘ನಿನ್ನೆ ಬಂದಿದ್ರಾ?’ ಅಂದರೆ ವಿಚಾರಣೆ. ಬಾಲ ತಪ್ಪಿಸಲು ‘ನಿನ್ನೆ ಬರಲಿಲ್ವಾ?’ ಅಂದರೆ ಆಕ್ಷೇಪಣೆ. ‘ಫೋಟೋ ಕಳಿಸಿ’ ಅಂದರೆ ಕೇಳಿದ್ದು. ‘ಫೋಟೋ ಕಳಿಸಬೇಕು’ ಅಂದರೆ ಹುಕುಂ. ಇನ್ನೊಂದು, ಗಂಡ ಹೆಂಡತಿ ಮುನಿಸಿಕೊಂಡಾಗ ಹೇಗೆ ಮಾತಾಡುತ್ತಾರೆ ನೋಡಿ. ‘ಅಡುಗೆ ಆಗಿದೆ.’ ‘ಗ್ಯಾಸ್ ಖಾಲಿ.’ ‘ಕರೆಂಟ್ ಬಿಲ್ ಕಟ್ಟಬೇಕು.’ ಗೋಡೆಗೆ ಹೇಳಿದ ಹಾಗೆ. ಹೊಸ ಗುರುತಿನವರು, ಮುನಿಸಿಕೊಂಡವರು ಇಬ್ಬರೂ ಬಳಸುವುದು ಒಂದೇ ವ್ಯಾಕರಣ. ಹಾಗಾಗಿ ಬಹಳ ದಿನ ಅಲ್ಲೇ ನಿಂತರೆ ನೀವು ಯಾವ ಪೈಕಿ ಅಂತ ಎದುರಿನವರಿಗೆ ಅನುಮಾನ ಬರುತ್ತದೆ.

ನನ್ನ ಗೆಳತಿಯ ಕಥೆ ಬಾಕಿ ಇದೆ, ಅಲ್ವಾ? ಅವರು ದರ್ಶನ ಮುಗಿಸಿ ಮಧ್ಯಾಹ್ನ ಮನೆಗೆ ಬಂದರು. ಬಾಗಿಲಲ್ಲಿ ಅವಳ ಗಂಡ, ಮಗ, ಸೊಸೆ ನಿಂತಿದ್ದಾರೆ. ಅವಳು ನನ್ನನ್ನು ನೋಡಿ ‘ಹೇಗಿದ್ದೀರಾ?’ ಅಂದುಬಿಟ್ಟಳು! ನಾನೂ ಏನೂ ತೋಚದೆ ‘ಬನ್ನಿ, ಬನ್ನಿ’ ಅಂದೆ. ಮೆಸೇಜಿನಲ್ಲಿ ಕಷ್ಟಪಟ್ಟು ತಂದಿದ್ದೆಲ್ಲ ಹೊಸ್ತಿಲಲ್ಲಿ ಹೋಯಿತು. ಸೊಸೆ ಎದುರಿಗೆ ಇದ್ದಾಳೆ, ಏನು ಮಾಡುವುದು. ಊಟ ಬಡಿಸುವವರೆಗೂ ಮತ್ತೆ ‘ಇನ್ನೊಂದು ಸ್ವಲ್ಪ ಅನ್ನ ಇರಲಿ’, ‘ಪಾಯಸ ಬೇಕಾ’ ಅಂತ ಬಾಲವಿಲ್ಲದ ಮಾತು. ಬೇರೆಯವರು ಇದ್ದಾಗ ಒಂದು, ಇಬ್ಬರೇ ಇದ್ದಾಗ ಇನ್ನೊಂದು ಅನ್ನುವುದು ಮೆಸೇಜಿನಲ್ಲೂ ಇದೆ. ಗ್ರೂಪಿನಲ್ಲಿ ನೀವು ಅಂದವರು ಖಾಸಗಿಯಾಗಿ ನೀನು ಅನ್ನುತ್ತಾರೆ, ಅದು ನಾಟಕ ಅಲ್ಲ.

ಅವಳು ಒಂದು ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತಂದಿದ್ದಳು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅದಕ್ಕೆ ಕಜ್ಜಾಯ ತುಂಬಿ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟೆ. ‘ಹೋಗುವಾಗ ಮರೆಯೋ ಹಾಗಿಲ್ಲ’ ಅಂತಲೂ ಹೇಳಿದೆ. ಅವರು ಹೊರಟರು. ಬೇಲೂರು ದಾಟಿರಬೇಕು, ಮೆಸೇಜ್ ಬಂತು.

‘ಡಬ್ಬಿ ಮರೆತೆ ಕಣೇ.’

ನೋಡಿ, ಮರೆತೆ ಅನ್ನುವುದಕ್ಕೆ ಎರಡು ಅರ್ಥ ಇದೆ. ನಾನು ಮರೆತೆ ಅಂದರೂ ಮರೆತೆ, ನೀನು ಮರೆತೆ ಅಂದರೂ ಮರೆತೆ. ನೀವು ಅನ್ನುವವರಿಗೆ ಈ ಗೊಂದಲ ಬರುವುದೇ ಇಲ್ಲ, ಅಲ್ಲಿ ಮರೆತಿರಿ ಆಗುತ್ತದೆ. ಏಕವಚನದವರ ನಡುವೆ ಮಾತ್ರ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ. ಅವಳು ತೆಗೆದುಕೊಂಡು ಹೋಗುವುದು ಮರೆತಳೋ, ನಾನು ಕೊಡುವುದು ಮರೆತೆ ಅನ್ನುತ್ತಿದ್ದಾಳೋ?

ನಾನು ಬರೆದೆ: ‘ಯಾರೇ? ನಾನಾ, ನೀನಾ?’